ಮುಂಗಡಕ್ಕೆ ಮುನ್ನ ಕಚೇರಿಯ ಪುಸ್ತಕ ನೋಡಿ

ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೀಜ ಆರಿಸಿ, ಮೂಟೆ ಹೊತ್ತು ನಿವೃತ್ತನಾಗುವ ಕಾರ್ಮಿಕನಿಗೆ ಕೊನೆಯ ದಿನ ಬರುವ ಭವಿಷ್ಯನಿಧಿ ಮತ್ತು ಗ್ರಾಚ್ಯುಟಿಯೇ ಅವನು ಬಾಳಿನಲ್ಲಿ ಒಟ್ಟಿಗೆ ಕಾಣುವ ದೊಡ್ಡ ಹಣ. ಸಂತೆಯಲ್ಲಿ ಅಂಗಡಿ ಹೂಡುವ ಸಣ್ಣ ವ್ಯಾಪಾರಿಗೆ ಚೀಟಿ ಹಣ ಎತ್ತಿದ ದಿನ ಅಂಥದು. ಆ ಹಣದಿಂದ ಮೂವತ್ತು-ನಲವತ್ತರ ಒಂದು ನಿವೇಶನ ಕೊಂಡು, ಬಾಡಿಗೆ ಮನೆಯ ಬಾಳಿಗೆ ಮುಕ್ತಾಯ ಹಾಡಬೇಕೆಂಬುದು ಅವರ ಆಸೆ. ಆ ದಿನ ಯಾವಾಗ ಬರುತ್ತದೆಂಬುದು ಅವರಿಗಿಂತ ಮೊದಲು ದಳ್ಳಾಳಿಗೆ ತಿಳಿದಿರುತ್ತದೆ. ಅವನು ಒಂದು ಪ್ಲಾಸ್ಟಿಕ್ ಚೀಲದ ತುಂಬ ಕಾಗದ ಹಿಡಿದು ಮನೆಬಾಗಿಲಿಗೇ ಬರುತ್ತಾನೆ. ಪಹಣಿ ಇದೆ, ಸಾಗುವಳಿ ಚೀಟಿ ಇದೆ, ಪರಿವರ್ತನೆ ಆದೇಶ ಇದೆ, ನಕ್ಷೆ ಇದೆ. ಇಲ್ಲದಿರುವುದು ಸಮಯ ಒಂದೇ: ಸಂಜೆಯೊಳಗೆ ಮುಂಗಡ ಕೊಡದಿದ್ದರೆ ಬೆಂಗಳೂರಿನವರು ಬಂದು ಎತ್ತಿಕೊಂಡು ಹೋಗುತ್ತಾರಂತೆ!

ಈ ಚೀಲದಲ್ಲಿರುವ ಕಾಗದಗಳನ್ನು ಎಷ್ಟು ಸಲ ಓದಿದರೂ ಅವು ಅಸಲೋ ನಕಲೋ ತಿಳಿಯುವುದಿಲ್ಲ. ಮೊಹರು ಮಾಡಿಸುವುದು ಕಷ್ಟವಲ್ಲ, ಸಹಿ ಹಾಕುವುದು ಕಷ್ಟವಲ್ಲ, ಬಣ್ಣದ ಜೆರಾಕ್ಸ್ ಇಂದು ಎಲ್ಲ ಊರಿನಲ್ಲೂ ಇದೆ. ಇ-ಸ್ಟಾಂಪ್ ಕಾಗದ ಅಸಲಿಯೇ ಆಗಿದ್ದರೂ ಅದರ ಮೇಲಿನ ಮಾತು ಸುಳ್ಳಾಗಿರಬಹುದು. ಆದ್ದರಿಂದ ಮಾರುವವನು ತೋರಿಸುವ ಕಾಗದ ಸಾಕ್ಷ್ಯವಲ್ಲ, ಬರಿಯ ವಿಳಾಸ ಎಂದು ತಿಳಿಯಿರಿ. ಯಾವ ಕಚೇರಿಯ ಯಾವ ಪುಸ್ತಕದಲ್ಲಿ ಹುಡುಕಬೇಕೆಂಬುದನ್ನು ಅದು ಹೇಳುತ್ತದೆ. ಹುಡುಕಿ, ಅದೇ ಕಾಗದದ ದೃಢೀಕೃತ ನಕಲನ್ನು ಕಚೇರಿಯಿಂದ ನೀವೇ ಪಡೆಯುವ ತನಕ ಒಂದು ರೂಪಾಯಿ ಮುಂಗಡವನ್ನೂ ಕೊಡಕೂಡದು. ನಾವು ಹೇಳಬೇಕಾದ ಮುಖ್ಯ ಮಾತು ಇದೊಂದೇ. ಉಳಿದದ್ದೆಲ್ಲ ಇದನ್ನು ಹೇಗೆ ಮಾಡುವುದೆಂಬ ವಿವರ.

“ರಿಜಿಸ್ಟರ್ ಆದಮೇಲೆ ಇನ್ನೇನು ಭಯ?” ಎಂದು ಕೇಳುವವರು ಬಹಳ. ಈ ನಂಬಿಕೆಯೇ ಬಡವನನ್ನು ಮುಳುಗಿಸುವುದು. ಉಪನೋಂದಣಾಧಿಕಾರಿ ನೋಂದಾಯಿಸುವುದು ಇಬ್ಬರು ಬಂದು ಒಂದು ಪತ್ರಕ್ಕೆ ಸಹಿ ಮಾಡಿದರೆಂಬುದನ್ನು. ಮಾರಿದವನಿಗೆ ಆ ಭೂಮಿ ಸೇರಿತ್ತೇ ಎಂಬುದಕ್ಕೆ ಅವರು ಹೊಣೆಯಲ್ಲ. ತಮಿಳುನಾಡಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಏಪ್ರಿಲ್‌ನಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿತು: ಮಾರುವವನ ಹಕ್ಕನ್ನು ವಿಚಾರಿಸುವುದು ನೋಂದಣಾಧಿಕಾರಿಯ ಕೆಲಸವಲ್ಲ. ಕರ್ನಾಟಕದ ವಿಧಾನಮಂಡಲ 2023ರಲ್ಲಿ ನೋಂದಣಿ ಕಾಯ್ದೆಗೆ ತಿದ್ದುಪಡಿ ತಂದು, ನಕಲಿ ದಾಖಲೆಯ ಮೇಲೆ ಆದ ನೋಂದಣಿಯನ್ನು ಜಿಲ್ಲಾ ನೋಂದಣಾಧಿಕಾರಿ ರದ್ದುಪಡಿಸುವುದಕ್ಕೆ ದಾರಿ ಮಾಡಿತು. ಅದು ನಿಜವಾದ ಒಡೆಯನಿಗೆ ಒದಗುವ ಉಪಕಾರ. ಮೋಸಹೋಗಿ ಕೊಂಡವನ ಪತ್ರ ರದ್ದಾಗುತ್ತದೆಯೇ ಹೊರತು ಅವನ ಹಣ ಹಿಂದೆ ಬರುವುದಿಲ್ಲ. ಪಹಣಿಯ ಕಥೆಯೂ ಇಷ್ಟೇ. 1964ರ ಭೂ ಕಂದಾಯ ಕಾಯ್ದೆಯ ಪ್ರಕಾರ ಪಹಣಿಯಲ್ಲಿ ಬರೆದದ್ದು ಸುಳ್ಳೆಂದು ಸಿದ್ಧವಾಗುವ ತನಕ ಮಾತ್ರ ನಿಜ.

ನಮ್ಮ ಜಿಲ್ಲೆಯಲ್ಲಿ ಈ ಅಪಾಯಕ್ಕೆ ಒಂದು ವಿಶೇಷ ಕಾರಣವಿದೆ. ಬಯಲುಸೀಮೆಯ ಹಳೆಯ ಊರಿನಲ್ಲಿ ಜಮೀನು ತಂದೆಯಿಂದ ಮಗನಿಗೆ, ಕ್ರಯದಿಂದ ಕ್ರಯಕ್ಕೆ ಬಂದಿರುತ್ತದೆ. ನೂರು ವರ್ಷದ ಹೆಜ್ಜೆಗುರುತು ಸಿಗುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಟ್ಟಗಳಲ್ಲಿ ಬಹಳಷ್ಟು ಸಣ್ಣ ಹಿಡುವಳಿಗಳು ಸರ್ಕಾರದ ಮಂಜೂರಾತಿಯಿಂದ ಬಂದವು. ದರಖಾಸ್ತು ಹಾಕಿ ಪಡೆದವು ಕೆಲವು. ಸರ್ಕಾರಿ ಜಾಗದಲ್ಲಿ ಕಾಫಿ, ಮೆಣಸು ನೆಟ್ಟು ಆಮೇಲೆ ನಮೂನೆ 50, ನಮೂನೆ 53, ಕಡೆಗೆ 2018ರಲ್ಲಿ ಬಂದ ನಮೂನೆ 57ರಲ್ಲಿ ಅರ್ಜಿ ಕೊಟ್ಟು ಸಕ್ರಮ ಮಾಡಿಸಿಕೊಂಡವು ಹಲವು. ಹೀಗೆ ಬಂದ ಜಮೀನಿಗೆ ಮೂಲಪತ್ರವೆಂದರೆ ಒಂದೇ ಒಂದು ಹಾಳೆ, ಸಾಗುವಳಿ ಚೀಟಿ. ಅದೊಂದನ್ನು ಸೃಷ್ಟಿಸಿದರೆ ಸಾಕು, ಸರ್ಕಾರದ ಗೋಮಾಳವೂ ಕಾಡೂ ಒಬ್ಬನ ಆಸ್ತಿಯಾಗಿ ಕಾಣತೊಡಗುತ್ತದೆ. ಇದು ಊಹೆಯ ಮಾತಲ್ಲ. ಕಡೂರು ಮತ್ತು ಮೂಡಿಗೆರೆ ತಾಲ್ಲೂಕುಗಳಲ್ಲಿ ಆದ ಮಂಜೂರಾತಿಗಳ ಮೇಲೆ ದೂರು ಎಷ್ಟಾಯಿತೆಂದರೆ, 2023ರಲ್ಲಿ ಸರ್ಕಾರ ಆ ಕಡತಗಳನ್ನು ಪರಿಶೀಲಿಸಲು ಹೊರಗಿನ ತಹಶೀಲ್ದಾರರ ತಂಡವನ್ನೇ ಕಳಿಸಬೇಕಾಯಿತು. ಭೂಮಿಯಿಲ್ಲದವನಿಗೆಂದು ಮಾಡಿದ ಕಾನೂನನ್ನು ಉಳ್ಳವರು ಕಾಗದದ ಬಲದಿಂದ ಕಬಳಿಸಿದರು. ಆ ಕಾಗದವೇ ತುಂಡುತುಂಡಾಗಿ, ನಿವೇಶನವೆಂಬ ಹೆಸರಿನಲ್ಲಿ, ಮತ್ತೆ ಬಡವನಿಗೇ ಮಾರಾಟವಾಗುತ್ತದೆ.

ಆದರೆ ನಕಲಿ ಸಾಗುವಳಿ ಚೀಟಿಗೂ ಒಂದು ದೌರ್ಬಲ್ಯವಿದೆ. ಅಸಲಿ ಚೀಟಿ ಒಂಟಿಯಾಗಿ ಹುಟ್ಟುವುದಿಲ್ಲ. ಮೊದಲು ಅರ್ಜಿ ಬಂದು ಅರ್ಜಿಗಳ ರಿಜಿಸ್ಟರಿನಲ್ಲಿ ಕ್ರಮಸಂಖ್ಯೆ ಬೀಳಬೇಕು. ಕಂದಾಯ ನಿರೀಕ್ಷಕರ ವರದಿ ಬರಬೇಕು. ಬಗರ್‌ಹುಕುಂ ಸಮಿತಿಯ ಸಭೆ ನಡೆದು ನಡಾವಳಿ ಪುಸ್ತಕದಲ್ಲಿ ತೀರ್ಮಾನ ಬರೆಯಬೇಕು. ಅರ್ಜಿದಾರ ಹಣ ಕಟ್ಟಿ ಚಲನ್ ಪಡೆಯಬೇಕು. ಆಮೇಲೆ ತಹಶೀಲ್ದಾರರ ಸಹಿಯ ಚೀಟಿ, ಅದರ ಮೇಲೆ ಮ್ಯುಟೇಶನ್, ಅದರಿಂದ ಪಹಣಿ, ಕೊನೆಗೆ ಅಳತೆ ಮಾಡಿ ಪೋಡಿ. ಇಷ್ಟು ಪುಸ್ತಕಗಳಲ್ಲಿ ಅದರ ಹೆಜ್ಜೆ ಉಳಿದಿರುತ್ತದೆ. ಕಳ್ಳನು ಚೀಟಿಯನ್ನು ಸೃಷ್ಟಿಸಬಲ್ಲ, ಒಳಗಿನವರ ಕೈ ಹಿಡಿದು ಪಹಣಿಯನ್ನೂ ಮಾಡಿಸಬಲ್ಲ. ಇಪ್ಪತ್ತು ವರ್ಷ ಹಿಂದಿನ ಎಲ್ಲ ಪುಸ್ತಕಗಳಲ್ಲಿಯೂ ನಡುವೆ ಒಂದು ಸಾಲು ತೂರಿಸುವುದು ಅವನಿಗೆ ಸುಲಭವಲ್ಲ.

ಒಂದು ಉದಾಹರಣೆ ನೋಡೋಣ. ಇದು ಯಾರೊಬ್ಬರ ಪ್ರಕರಣವೂ ಅಲ್ಲ. ಲೆಕ್ಕ ತಿಳಿಯಲೆಂದು ನಾವೇ ಕಟ್ಟಿದ್ದು. ಮೂಡಿಗೆರೆಯ ಹತ್ತಿರ ಒಂದು ಸರ್ವೆ ನಂಬರಿನಲ್ಲಿ ಎರಡು ಎಕರೆಯನ್ನು ನಿವೇಶನ ಮಾಡಿ ಮಾರುತ್ತಿದ್ದಾರೆ. ನಿವೇಶನಕ್ಕೆ ಆರು ಲಕ್ಷ, ಮುಂಗಡ ಒಂದು ಲಕ್ಷ. ಮಾರುವವನ ತಂದೆಗೆ ನಮೂನೆ 53ರ ಮೇಲೆ 2001ರಲ್ಲಿ ಜಮೀನು ಮಂಜೂರಾಯಿತೆಂದು ಚೀಟಿ ಹೇಳುತ್ತದೆ. ಪಹಣಿಯ 9ನೇ ಕಲಂನಲ್ಲಿ ಹೆಸರೂ ಇದೆ.

ಮೊದಲ ಹೆಜ್ಜೆ ಆಕಾರಬಂದ್. ಒಂದು ಸರ್ವೆ ನಂಬರಿನಲ್ಲಿ ಒಟ್ಟು ಎಷ್ಟು ಭೂಮಿಯಿದೆ, ಅದರಲ್ಲಿ ಖರಾಬು ಎಷ್ಟು ಎಂಬುದನ್ನು ಹೇಳುವ ಸರ್ವೆ ಇಲಾಖೆಯ ಲೆಕ್ಕ ಇದು. ನಮ್ಮ ಉದಾಹರಣೆಯ ನಂಬರಿಗೆ ಅದು 64 ಎಕರೆ 20 ಗುಂಟೆ ಎನ್ನುತ್ತದೆ. ಅದರಲ್ಲಿ 9 ಎಕರೆ ಹಳ್ಳ, ದಾರಿ ಮುಂತಾದ ‘ಬಿ’ ಖರಾಬು, ಸಾರ್ವಜನಿಕ ಸ್ವತ್ತು. ಉಳಿಯುವುದು 55 ಎಕರೆ 20 ಗುಂಟೆ. ಇನ್ನು ಅದೇ ನಂಬರಿನ ಎಲ್ಲ ಪಹಣಿಗಳನ್ನು ತೆಗೆದು ವಿಸ್ತೀರ್ಣವನ್ನು ಕೂಡಿಸಿ. ಪಹಣಿಯನ್ನು ನಾಡಕಚೇರಿಯಲ್ಲೂ ಭೂಮಿ ತಾಣದಲ್ಲೂ ಯಾರು ಬೇಕಾದರೂ ನೋಡಬಹುದು. ಕೂಡಿಸಿದಾಗ ಮೊತ್ತ 71 ಎಕರೆ ಬಂತೆನ್ನಿ. ಅಂದರೆ 15 ಎಕರೆ 20 ಗುಂಟೆ ಕಾಗದದ ಮೇಲೆ ಮಾತ್ರ ಇದೆ, ನೆಲದ ಮೇಲೆ ಇಲ್ಲ. ಇದರಲ್ಲಿ ಯಾರ ಚೀಟಿ ಸುಳ್ಳೆಂದು ಈ ಲೆಕ್ಕ ಹೇಳುವುದಿಲ್ಲ. ತಪ್ಪು ಅಳತೆಯಿಂದ, ಇರುವುದಕ್ಕಿಂತ ಹೆಚ್ಚು ಮಂಜೂರು ಮಾಡಿದ್ದರಿಂದಲೂ ಹೀಗಾಗುವುದುಂಟು. ಆದರೆ ಎಲ್ಲರಿಗೂ ಸಾಲುವಷ್ಟು ಭೂಮಿ ಆ ನಂಬರಿನಲ್ಲಿ ಇಲ್ಲವೆಂಬುದು ಇಲ್ಲಿಯೇ ಖಚಿತವಾಯಿತು. ಒಂದು ಪೆನ್ಸಿಲು, ಒಂದು ಮಧ್ಯಾಹ್ನದಿಂದ ಆಗುವ ಕೆಲಸ ಇದು.

ಎರಡನೆಯದು ಪಹಣಿಯ 10ನೇ ಕಲಂ. ಹೆಸರು ಹೇಗೆ ಬಂತೆಂದು ಅಲ್ಲಿ ಮ್ಯುಟೇಶನ್ ಸಂಖ್ಯೆ, ಅಂದರೆ ಎಂ.ಆರ್. ನಂಬರು, ಇರುತ್ತದೆ. ಆ ಮ್ಯುಟೇಶನ್ನಿನ ನಕಲು ಪಡೆಯಿರಿ. ಚೀಟಿ 2001ರದು, ಮ್ಯುಟೇಶನ್ 2009ರದು ಎಂದು ಕಂಡರೆ ಎಂಟು ವರ್ಷ ಆ ಚೀಟಿ ಎಲ್ಲಿ ಮಲಗಿತ್ತೆಂದು ಕೇಳಬೇಕು. ಪಹಣಿ ಗಣಕಯಂತ್ರಕ್ಕೆ ಬರುವ ಮುಂಚಿನ ಕೈಬರಹದ ಪಹಣಿಗಳನ್ನೂ ತೆಗೆಸಿ ನೋಡಿ. ಮಂಜೂರಾಗುವ ಮೊದಲೇ ನಲವತ್ತು ವರ್ಷದಿಂದ ಉಳುತ್ತಿದ್ದೆವೆಂದು ಮಾರುವವನು ಹೇಳಿದರೆ, ಹಳೆಯ ಪಹಣಿಯ 12ನೇ ಕಲಂನಲ್ಲಿ ಸಾಗುವಳಿದಾರನಾಗಿ ಅವನ ತಂದೆಯ ಹೆಸರೋ ಕಾಫಿಯ ಹೆಸರೋ ಕಾಣಬೇಕಷ್ಟೆ? ‘ಸರ್ಕಾರಿ ಗೋಮಾಳ’ ಎಂದು ಮಾತ್ರ ಇದ್ದರೆ ಇನ್ನಷ್ಟು ಆಳಕ್ಕೆ ಹೋಗಬೇಕು.

ಮೂರನೆಯದು ಮಂಜೂರಾತಿಯ ಕಡತವೇ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಅರ್ಜಿ ಕೊಟ್ಟು ಮೂರು ನಕಲು ಕೇಳಿ: ಅರ್ಜಿಗಳ ರಿಜಿಸ್ಟರಿನ ಆ ಪುಟ, ಸಮಿತಿಯ ಆ ದಿನದ ನಡಾವಳಿ, ಸಾಗುವಳಿ ಚೀಟಿ ವಿತರಣೆಯ ರಿಜಿಸ್ಟರಿನ ಆ ಪುಟ. ಕೊಡಲು ಹಿಂದೇಟು ಹಾಕಿದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ನಕಲಿ ಚೀಟಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ಇಲ್ಲಿಯೇ. ಚೀಟಿಯ ಮೇಲಿನ ಕ್ರಮಸಂಖ್ಯೆ ರಿಜಿಸ್ಟರಿನಲ್ಲಿ ಬೇರೆ ಊರಿನ ಬೇರೆ ಮನುಷ್ಯನದಾಗಿರುತ್ತದೆ. ಇಲ್ಲವೆ ಆ ದಿನ ಸಮಿತಿಯ ಸಭೆಯೇ ನಡೆದಿರುವುದಿಲ್ಲ. ಇಲ್ಲವೆ ಸಹಿ ಮಾಡಿದ ತಹಶೀಲ್ದಾರರು ಆ ತಾರೀಖಿಗೆ ಮುಂಚೆಯೇ ವರ್ಗವಾಗಿ ಹೋಗಿರುತ್ತಾರೆ. ಯಾವ ಅಧಿಕಾರಿ ಯಾವಾಗ ಇದ್ದರೆಂಬ ಪಟ್ಟಿ ಅನೇಕ ಕಚೇರಿಗಳ ಗೋಡೆಯ ಮೇಲೆಯೇ ಬರೆದಿರುತ್ತದೆ. “ಕಡತ ಲಭ್ಯವಿಲ್ಲ” ಎಂಬ ಹಿಂಬರಹ ಬಂದರೂ ಅದು ಉತ್ತರವೇ. ಕಡತವಿಲ್ಲದ ಮಂಜೂರಾತಿಯ ಜಮೀನು ಕೊಳ್ಳಕೂಡದು.

ಚೀಟಿ ಅಸಲಿಯೆಂದೇ ತಿಳಿದುಬಂದರೂ ಅದರ ಷರತ್ತು ಓದದೆ ಬಿಡಬೇಡಿ. ಮಂಜೂರಾದ ಜಮೀನನ್ನು ಇಷ್ಟು ವರ್ಷ ಪರಭಾರೆ ಮಾಡಕೂಡದೆಂದು ಅದರಲ್ಲಿಯೇ ಬರೆದಿರುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಭೂಮಿಯಾದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿಯಿಲ್ಲದೆ ಅದನ್ನು ಕೊಂಡರೆ ಕ್ರಯವೇ ಅಸಿಂಧು. ಉಪವಿಭಾಗಾಧಿಕಾರಿಗಳು ಭೂಮಿಯನ್ನು ಮೂಲ ಮಂಜೂರಾತಿದಾರನ ಕುಟುಂಬಕ್ಕೆ ಹಿಂದಿರುಗಿಸುತ್ತಾರೆ. 2023ರ ತಿದ್ದುಪಡಿಯ ನಂತರ ಇದಕ್ಕೆ ಕಾಲಮಿತಿಯ ನೆಪವನ್ನೂ ಒಡ್ಡುವಂತಿಲ್ಲ. ಈ ಕಾನೂನು ನ್ಯಾಯವಾದದ್ದು, ಸಾಲದ ಬಲೆಯಲ್ಲಿ ಸಿಕ್ಕಿದವನ ಭೂಮಿ ಉಳಿಯಲೆಂದೇ ಮಾಡಿದ್ದು ಎಂದು ನಾವು ಭಾವಿಸುತ್ತೇವೆ. ಅದನ್ನು ಬೈಯುವುದಕ್ಕೆ ಬದಲು, ಅಂಥ ಭೂಮಿಯನ್ನು ಮೂರನೆಯವನ ಹೆಸರಿನಲ್ಲಿ ಮರೆಮಾಚಿ ಮಾರುವ ದಳ್ಳಾಳಿಯನ್ನು ದೂರವಿಡುವುದು ಮೇಲು. ಅನುಮತಿ ಪತ್ರ ಇದೆಯೆಂದು ಅವನು ತೋರಿಸಿದರೆ ಅದನ್ನೂ ಹೊರಡಿಸಿದ ಕಚೇರಿಯಲ್ಲಿ ತಾಳೆ ನೋಡಬೇಕು.

ಕಳಸದ ಕಡೆಗೆ ಹೋದಂತೆ ಇನ್ನೊಂದು ಪುಸ್ತಕ ಸೇರುತ್ತದೆ. ಅದು ಅರಣ್ಯ ಇಲಾಖೆಯದು. ಪಹಣಿಯಲ್ಲಿ ಕಂದಾಯ ಭೂಮಿಯೆಂದಿದ್ದದ್ದು 1963ರ ಅರಣ್ಯ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಹೊರಡಿಸಿದ ಅಧಿಸೂಚನೆಯೊಳಗೆ ಇರಬಹುದು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದಮೇಲೆ ಕೇಂದ್ರದ ಒಪ್ಪಿಗೆಯಿಲ್ಲದೆ ಅರಣ್ಯಭೂಮಿಯನ್ನು ಮಂಜೂರು ಮಾಡುವ ಅಧಿಕಾರ ಯಾವ ತಹಶೀಲ್ದಾರರಿಗೂ ಇಲ್ಲ. ಅಂಥ ಜಾಗದಲ್ಲಿ ಚೀಟಿ, ಸಹಿ, ಮೊಹರು ಎಲ್ಲ ಅಸಲಿಯಾಗಿದ್ದರೂ ಮನೆ ನಿಲ್ಲುವುದಿಲ್ಲ. ವಲಯ ಅರಣ್ಯಾಧಿಕಾರಿಯವರಿಗೆ ಸರ್ವೆ ನಂಬರನ್ನು ಬರೆದು, ಇದು ಯಾವುದಾದರೂ ಅಧಿಸೂಚನೆಯಲ್ಲಿದೆಯೇ ಎಂದು ಲಿಖಿತ ಉತ್ತರ ಪಡೆಯಬೇಕು.

ಜಮೀನಿನ ಮೂಲ ಗಟ್ಟಿಯಾದ ಮೇಲೆ ನಿವೇಶನದ ಮಾತು. ಒಂದು ಗುಂಟೆಯೆಂದರೆ 1,089 ಚದರಡಿ. ಮೂವತ್ತು-ನಲವತ್ತರ ನಿವೇಶನ 1,200 ಚದರಡಿ. ಕೃಷಿ ಭೂಮಿಯಲ್ಲಿ ಕಲ್ಲು ನೆಟ್ಟು ಗುಂಟೆಲೆಕ್ಕದಲ್ಲಿ ಮಾರಿದರೆ ಅದು ನಿವೇಶನವಾಗುವುದಿಲ್ಲ. ಪೋಡಿಯೇ ಆಗದ ನಂಬರಿನಲ್ಲಿ ಆ ಎರಡು ಎಕರೆ ಗುಡ್ಡದ ಯಾವ ಮಗ್ಗುಲಲ್ಲಿದೆಯೆಂದು ಸರ್ಕಾರಕ್ಕೇ ತಿಳಿದಿರುವುದಿಲ್ಲ. ಗಡಿಯೇ ಗೊತ್ತಿಲ್ಲದ ಜಾಗಕ್ಕೆ ಪರಿವರ್ತನೆ ಆದೇಶ ಹೇಗೆ ಬಂತು? ಆದೇಶದ ಸಂಖ್ಯೆ ಹಿಡಿದು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಕೇಳಿದರೆ ನಿಜ ತಿಳಿಯುತ್ತದೆ. ಹಾಗೆಯೇ ಪಂಚಾಯಿತಿಯ ನಮೂನೆ 9 ಮತ್ತು 11 ಇ-ಸ್ವತ್ತುವಿನಲ್ಲಿ ಇರಬೇಕು. ಕೈಬರಹದ ನಮೂನೆಗೆ ಕಾರ್ಯದರ್ಶಿಯ ಸಹಿಯಿದೆಯೆಂದು ನಂಬಬಾರದು. ಪಟ್ಟಣದ ಆಸ್ತಿಯಾದರೆ 2024ರ ಅಕ್ಟೋಬರಿನಿಂದ ಇ-ಖಾತೆಯಿಲ್ಲದೆ ನೋಂದಣಿಯೇ ಇಲ್ಲ. “ಈಗ ಮುಂಗಡ ಕೊಡಿ, ಖಾತೆ ಆಮೇಲೆ ಮಾಡಿಸಿಕೊಡುತ್ತೇವೆ” ಎಂಬ ಮಾತಿಗೆ ಉತ್ತರವೂ ಹಾಗೆಯೇ ಇರಲಿ: ಖಾತೆ ಮಾಡಿಸಿ, ಮುಂಗಡ ಆಮೇಲೆ ಕೊಡುತ್ತೇವೆ.

ಇಷ್ಟೆಲ್ಲ ಸರಿಯಿದ್ದೂ ಮಾರುವ ಮನುಷ್ಯನೇ ಬೇರೆಯವನಾಗಿರಬಹುದು. ಒಡೆಯ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇರುವ ಖಾಲಿ ನಿವೇಶನಗಳೇ ಇದಕ್ಕೆ ಗುರಿ. ಅವನ ಹೆಸರಿನಲ್ಲಿ ಒಂದು ಆಧಾರ್, ಒಂದು ಮುಕ್ತಾರ್‌ನಾಮೆ ಹುಟ್ಟುತ್ತದೆ. ಮುಕ್ತಾರ್‌ನಾಮೆ ತೋರಿಸಿದರೆ ಅದು ನೋಂದಾಯಿತವೇ ಎಂದು ನೋಡಿ, ಬರೆದುಕೊಟ್ಟವನು ಬದುಕಿದ್ದಾನೆಯೇ ಎಂದು ವಿಚಾರಿಸಿ; ಅವನು ಸತ್ತ ದಿನವೇ ಮುಕ್ತಾರ್‌ನಾಮೆಯೂ ಸಾಯುತ್ತದೆ. ಸಾಧ್ಯವಾದರೆ ಅವನನ್ನೇ ಮುಖತಃ ಕಾಣಿ. ದಳ್ಳಾಳಿ ಕೊಟ್ಟ ಫೋನ್ ನಂಬರಿನಲ್ಲಿ ಮಾತಾಡಿದ್ದನ್ನು ಕಂಡದ್ದೆಂದು ಎಣಿಸಬೇಡಿ. ಬರಿಯ ಮುಕ್ತಾರ್‌ನಾಮೆ ಮತ್ತು ಕರಾರಿನ ಮೇಲೆ ಹಣ ಕೊಟ್ಟು ಸ್ವಾಧೀನ ಪಡೆದರೆ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ತೀರ್ಪು ಕೊಟ್ಟಿದೆ. ಪಕ್ಕದ ಜಮೀನಿನವರನ್ನು ಎರಡು ಸಲ ಕಾಣಿ: ಒಮ್ಮೆ ದಳ್ಳಾಳಿಯ ಜೊತೆಗೆ, ಇನ್ನೊಮ್ಮೆ ಅವನಿಲ್ಲದೆ. ಎರಡನೆಯ ಸಲ ಅವರು ಬಾಯಿ ಬಿಟ್ಟು ಹೇಳುತ್ತಾರೆ.

ಋಣಭಾರ ಪತ್ರವನ್ನು, ಅಂದರೆ ಇ.ಸಿ.ಯನ್ನು, ಎಲ್ಲರೂ ಕೇಳುತ್ತಾರೆ; ಅದರ ಮಿತಿ ತಿಳಿದವರು ಕಡಿಮೆ. ಅದರಲ್ಲಿ ಕಾಣುವುದು ನೋಂದಣಿಯಾದ ಪತ್ರಗಳು ಮಾತ್ರ. ನ್ಯಾಯಾಲಯದ ದಾವೆ, ನೋಂದಣಿಯಾಗದ ಕರಾರು, ಅಕ್ಕತಂಗಿಯರ ಪಾಲು ಅದರಲ್ಲಿ ಕಾಣುವುದಿಲ್ಲ. ಕಾವೇರಿ ತಾಣದಲ್ಲಿ 2004ರ ಏಪ್ರಿಲ್‌ನಿಂದೀಚಿನದು ಮಾತ್ರ ಸಿಗುತ್ತದೆ; ಅದಕ್ಕೆ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೆ ಅರ್ಜಿ ಕೊಡಬೇಕು. ಮೂವತ್ತು ವರ್ಷದ್ದನ್ನಾದರೂ ತೆಗೆಸಬೇಕು. ಮತ್ತು ಅಸಲು ಪತ್ರವನ್ನು ಕಣ್ಣಾರೆ ನೋಡಬೇಕು. “ಅಸಲು ಕಳೆದುಹೋಗಿದೆ” ಎಂದರೆ ಅದು ಯಾವುದೋ ಬ್ಯಾಂಕಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಅಡವಾಗಿ ಕೂತಿರಬಹುದೆಂದು ಎಣಿಸಿ.

ಇನ್ನು ಮುಂಗಡ. ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎಂಬ ಗಾದೆ ಎಲ್ಲಕ್ಕಿಂತ ಹೆಚ್ಚು ಅನ್ವಯಿಸುವುದು ಇಲ್ಲಿ. ವಕೀಲರ ಮೂಲಕ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ತಕರಾರಿಗೆ ಹದಿನೈದು ದಿನ ಕಾದು, ಆಮೇಲೆಯೇ ಕೊಡಬೇಕು. ಕೊಡುವುದು ಪಹಣಿಯಲ್ಲೋ ಖಾತೆಯಲ್ಲೋ ಹೆಸರಿರುವವನ ಬ್ಯಾಂಕ್ ಖಾತೆಗೆ, ದಳ್ಳಾಳಿಯ ಕೈಗಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು 2015ರಿಂದ ನಿಷೇಧಿಸಿದೆ. ಲಕ್ಷ ರೂಪಾಯಿಯನ್ನು ನೋಟಿನಲ್ಲೇ ಕೇಳುವವನು ಮೊದಲ ಮಾತಿನಲ್ಲೇ ತನ್ನ ಗುಣ ತೋರಿಸಿದಂತಾಯಿತು. ಕರಾರನ್ನು ನೋಂದಣಿ ಮಾಡಿಸಿ. ಹಕ್ಕಿನಲ್ಲಿ ದೋಷ ಕಂಡರೆ ಇಷ್ಟು ದಿನದೊಳಗೆ ಪೂರ್ತಿ ಹಣ ಹಿಂದೆ ಕೊಡತಕ್ಕದ್ದೆಂದು ಅದರಲ್ಲಿ ಬರೆಸಿ.

ಇಷ್ಟು ಕಚೇರಿ ಅಲೆಯುವುದಕ್ಕೆ ದಿನಗೂಲಿಯವನಿಗೆ ಬಿಡುವೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಬ್ಬೊಬ್ಬರೇ ಅಲೆಯಬೇಕಿಲ್ಲ. ಒಂದು ಬಡಾವಣೆಯಲ್ಲಿ ಒಂದೇ ಕಾರ್ಖಾನೆಯ ಹತ್ತು ಮಂದಿ ಕೊಳ್ಳಲು ಹೊರಟಿದ್ದರೆ ಕಡತ ಒಂದೇ. ಹತ್ತು ಜನ ಸೇರಿ ಒಬ್ಬ ವಕೀಲರನ್ನು ಹಿಡಿಯಬಹುದು, ಸಂಘದ ಮೂಲಕ ಒಂದೇ ಅರ್ಜಿ ಹಾಕಬಹುದು. ಆ ವಕೀಲರನ್ನು ನೀವು ಆರಿಸಿ. ಮಾರುವವನೇ ಕರೆತಂದ ವಕೀಲರು ಅವನ ವಕೀಲರು.

ಆದರೆ ಹೊಣೆಯೆಲ್ಲ ಕೊಳ್ಳುವ ಬಡವನದೇ ಎಂದು ಸರ್ಕಾರ ಕೈತೊಳೆದುಕೊಳ್ಳುವುದನ್ನು ನಾವು ಒಪ್ಪೆವು. ಚೀಟಿ ಕೊಡುವುದು ಸರ್ಕಾರ, ರಿಜಿಸ್ಟರು ಇಡುವುದು ಸರ್ಕಾರ, ನೋಂದಣಿ ಶುಲ್ಕ ವಸೂಲು ಮಾಡುವುದು ಸರ್ಕಾರ. ಚೀಟಿ ಸುಳ್ಳೆಂದು ತಿಳಿದ ದಿನ ನಷ್ಟ ಮಾತ್ರ ಕಾರ್ಮಿಕನದು! ಹಳೆಯ ಕಡತಗಳನ್ನು ಗಣಕೀಕರಿಸುವ ‘ಭೂ ಸುರಕ್ಷಾ’ ಕೆಲಸವನ್ನು ಸರ್ಕಾರ 2024ರಲ್ಲಿ ಆರಂಭಿಸಿತು; ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ನಮ್ಮ ತಾಲ್ಲೂಕುಗಳಿಗೆ ಬೇಕಾದದ್ದು ಇನ್ನೂ ನೇರವಾದ ಎರಡು ಕ್ರಮಗಳು. ಮಂಜೂರಾತಿಯ ರಿಜಿಸ್ಟರುಗಳನ್ನು, ಊರುವಾರು, ಪಹಣಿಯಂತೆಯೇ ಯಾರು ಬೇಕಾದರೂ ನೋಡುವಂತೆ ತೆರೆದಿಡಬೇಕು. ಆಕಾರಬಂದಿಗಿಂತ ಪಹಣಿಗಳ ಮೊತ್ತ ಹೆಚ್ಚಾಗಿರುವ ಸರ್ವೆ ನಂಬರುಗಳ ಪಟ್ಟಿ ಮಾಡಿ ಪ್ರತಿ ನಾಡಕಚೇರಿಯ ಫಲಕದ ಮೇಲೆ ಹಚ್ಚಬೇಕು. ಲೆಕ್ಕ ಸರ್ಕಾರದ ಬಳಿಯೇ ಇದೆ. ಪೆನ್ಸಿಲು ಹಿಡಿದು ಕೂಡಿಸುವ ಕೆಲಸವನ್ನು ಕ್ಯೂರಿಂಗ್ ಕಾರ್ಖಾನೆಯ ಕಾರ್ಮಿಕನಿಗೆ ಏಕೆ ಬಿಡಬೇಕು?

ಆ ಪಟ್ಟಿ ಗೋಡೆಗೆ ಏರುವ ತನಕ, ಸಂಜೆಯೊಳಗೆ ಮುಂಗಡ ಕೇಳುವವನಿಗೆ ನಮ್ಮ ಓದುಗರು ಕೊಡಬೇಕಾದ ಉತ್ತರ ಇಷ್ಟೆ: ಸರ್ವೆ ನಂಬರು ಬರೆದುಕೊಟ್ಟು ಹೋಗಿ, ಕಚೇರಿಯಿಂದ ನಕಲು ಬಂದಮೇಲೆ ಮಾತಾಡೋಣ. ನಿಜವಾದ ಒಡೆಯ ಕಾಯುತ್ತಾನೆ. ಕಾಯದವನ ನಿವೇಶನ ಬೇರೆಯವರು ಎತ್ತಿಕೊಂಡು ಹೋಗಲಿ.